ಹೋದವರು, ಇದ್ದವರು, ನೋಡುವವರು: ಇನ್‌ಸ್ಟಾಗ್ರಾಂ ಪೇಜ್ ಅಳೆಯುವ ನಾಲ್ಕು ದಾರಿಗಳಲ್ಲಿ ಯಾವುದು ಯಾರಿಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಪೇಜ್‌ಗೆ ಎಂಟು ಸಾವಿರ ಜನ ಇದ್ದಾರೆ, ರೀಲ್ ಹಾಕಿದ್ರೆ ಲೈಕ್ ಬರುತ್ತೆ, ಆದ್ರೆ ಮಳೆಗಾಲದಲ್ಲಿ ರೂಮು ಖಾಲಿ ಅಂತ ಹಾಕಿದ್ರೆ ಒಂದು ಫೋನೂ ಬರಲ್ಲ. ಈ ಎಂಟು ಸಾವಿರ ಜನ ಎಲ್ಲಿದ್ದಾರೆ?"

ಈ ಪ್ರಶ್ನೆಯೊಳಗೆ ಮೂರು ಪ್ರಶ್ನೆ ಸೇರಿಕೊಂಡಿವೆ. ಇವರಲ್ಲಿ ನಿಜವಾದ ಮನುಷ್ಯರು ಎಷ್ಟು? ಬಿಟ್ಟು ಹೋಗುತ್ತಿರುವವರು ಯಾರು? ಉಳಿದವರಲ್ಲಿ ನಾವು ಹಾಕಿದ್ದನ್ನು ನೋಡುತ್ತಿರುವವರು ಎಷ್ಟು ಜನ? ಕಾಫಿ ಬೆಳೆಯುವವರಿಗೆ ಹಣ್ಣಿನ ತೂಕವೇ ಬೇರೆ, ಒಣಗಿಸಿ ಸಿಪ್ಪೆ ತೆಗೆದ ಮೇಲೆ ಸಿಗುವ ಔಟ್‌ಟರ್ನೇ ಬೇರೆ ಅಂತ ಹೇಳಿಕೊಡಬೇಕಿಲ್ಲ. ಪೇಜಿನ ಮೇಲೆ ಕಾಣುವ ಸಂಖ್ಯೆ ಬರೀ ಹಣ್ಣಿನ ತೂಕ.

ಔಟ್‌ಟರ್ನ್ ತಿಳಿಯಲು ನಾಲ್ಕು ದಾರಿ ಇವೆ. ಇನ್‌ಸ್ಟಾಗ್ರಾಂ ತಾನೇ ಕೊಡುವ ಇನ್‌ಸೈಟ್ಸ್ ಒಂದು. ಫಾಲೋವರ್ಸ್ ಪಟ್ಟಿಯನ್ನು ಇಳಿಸಿಕೊಂಡು ಎರಡು ತಿಂಗಳಿನದನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೊಂದು. ನೂರು ಜನರನ್ನು ಆರಿಸಿ ಕೈಯಾರೆ ತಪಾಸಣೆ ಮಾಡುವುದು ಮೂರನೆಯದು. "ಯಾರು ಅನ್‌ಫಾಲೋ ಮಾಡಿದರು ನೋಡಿ" ಅಂತ ಜಾಹೀರಾತು ಕೊಡುವ ಬೇರೆಯವರ ಆ್ಯಪ್‌ಗಳು ನಾಲ್ಕನೆಯದು. ನಾಲ್ಕೂ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ನಿಮಗೆ ಯಾವ ಪ್ರಶ್ನೆ ಮುಖ್ಯ ಅಂತ ನೋಡಿಕೊಳ್ಳಬೇಕು.

ಲೆಕ್ಕ ಮಾಡಲು ಸುಲಭವಾಗಲಿ ಅಂತ ಒಂದು ಪೇಜನ್ನು ಊಹಿಸಿಕೊಳ್ಳೋಣ. ಸಕಲೇಶಪುರದ ಹತ್ತಿರ ತೋಟದೊಳಗಿನ ಆರು ರೂಮಿನ ಹೋಂಸ್ಟೇ. ಏಪ್ರಿಲ್ 1ಕ್ಕೆ 8,400 ಫಾಲೋವರ್ಸ್, ಏಪ್ರಿಲ್ 30ಕ್ಕೆ 8,610. ಜನವರಿ 26ರ ರಜೆಯ ಸುತ್ತ ನಾಲ್ಕು ದಿನ "ಮೂವರನ್ನು ಟ್ಯಾಗ್ ಮಾಡಿ, ಒಂದು ರಾತ್ರಿ ಉಚಿತವಾಗಿ ಉಳಿಯಿರಿ" ಅಂತ ಸ್ಪರ್ಧೆ ಇಟ್ಟಿದ್ದರು. ಏಪ್ರಿಲ್ ಮೊದಲ ವಾರ ಮಳೆ ಬಿದ್ದು ಕಾಫಿ ಹೂವಾದಾಗ ಹಾಕಿದ ಒಂದು ರೀಲ್ ಚೆನ್ನಾಗಿ ಓಡಿತು. ಅಂಕಿಗಳೆಲ್ಲ ಉದಾಹರಣೆಗೆ ಹಾಕಿದವು. ನಿಮ್ಮ ಪೇಜಿನ ಅಂಕಿಗಳನ್ನು ಇದೇ ಜಾಗಗಳಲ್ಲಿ ತುಂಬಿಕೊಳ್ಳಿ.

ಇನ್‌ಸೈಟ್ಸ್: ಎಷ್ಟು ಅಂತ ಹೇಳುತ್ತದೆ, ಯಾರು ಅಂತ ಹೇಳುವುದಿಲ್ಲ

ಮೊದಲು ಖಾತೆಯನ್ನು ಪ್ರೊಫೆಷನಲ್ ಖಾತೆ ಮಾಡಿಕೊಳ್ಳಬೇಕು. ದುಡ್ಡು ಕೊಡಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲೇ ಆಗುತ್ತದೆ. ಆಮೇಲೆ ಇನ್‌ಸೈಟ್ಸ್‌ಗೆ ಹೋಗಿ ಫಾಲೋವರ್ಸ್ ಸಂಖ್ಯೆಯ ಮೇಲೆ ಒತ್ತಿದರೆ Follows ಎಷ್ಟು, Unfollows ಎಷ್ಟು, ಎರಡೂ ಕಳೆದು ಉಳಿದದ್ದೆಷ್ಟು ಅಂತ ಬೇರೆ ಬೇರೆಯಾಗಿ ಕಾಣುತ್ತದೆ. ನಮ್ಮ ಪೇಜಿನಲ್ಲಿ ಏಪ್ರಿಲ್‌ಗೆ Follows 620, Unfollows 410. ನಿವ್ವಳ ಹೆಚ್ಚಳ 210.

ಬಹಳ ಜನ ಆ 210 ನೋಡಿ ಖುಷಿಪಟ್ಟು ಫೋನ್ ಮುಚ್ಚಿಬಿಡುತ್ತಾರೆ. ಆದರೆ ಒಬ್ಬರನ್ನು ಉಳಿಸಿಕೊಳ್ಳಲು ಸುಮಾರು ಮೂವರನ್ನು ಕರೆತರಬೇಕಾಯಿತು ಅಂತಲೂ ಅದೇ ಅಂಕಿ ಹೇಳುತ್ತಿದೆ. ಇನ್ನೊಂದು ಪೇಜಿಗೆ 230 ಜನ ಬಂದು 20 ಜನ ಹೋಗಿದ್ದರೂ ನಿವ್ವಳ 210ಏ. ಎರಡೂ ಪೇಜಿನ ಆರೋಗ್ಯ ಒಂದೇ ಅಲ್ಲ, ಅಲ್ವಾ? ಹಾಗಾಗಿ ನಿವ್ವಳ ಸಂಖ್ಯೆಯನ್ನು ಬರೆದಿಡಬೇಡಿ. ಬಂದವರು, ಹೋದವರು ಎರಡನ್ನೂ ಬೇರೆ ಬೇರೆ ಬರೆದಿಡಿ. ಹಿಂದಕ್ಕೆ ಹೋಗಿ ನೋಡಲು ಇನ್‌ಸೈಟ್ಸ್‌ನಲ್ಲಿ ಮಿತಿ ಇದೆ. ಈ ತಿಂಗಳ ಅಂಕಿಯನ್ನು ಈಗಲೇ ಒಂದು ಶೀಟ್‌ನಲ್ಲಿ ಬರೆಯದಿದ್ದರೆ ವರ್ಷದ ಕೊನೆಗೆ ಅದು ಸಿಗುವುದಿಲ್ಲ.

ದಿನದಿನದ ಗ್ರಾಫ್ ಇನ್ನೂ ಉಪಯೋಗ. Unfollows ಎಲ್ಲ ದಿನವೂ ಹತ್ತು ಹದಿನೈದರಂತೆ ಸಮನಾಗಿ ಹರಡಿದ್ದರೆ ಅದು ಸಹಜ ಸವೆತ. ಒಂದೆರಡು ದಿನ ಮಾತ್ರ ಐವತ್ತು ಅರವತ್ತಕ್ಕೆ ಹಾರಿದ್ದರೆ ಆ ದಿನ ಏನು ಹಾಕಿದಿರಿ ಅಂತ ನೋಡಿ. ನಮ್ಮ ಉದಾಹರಣೆಯ ಪೇಜಿನವರು ಹೂವಿನ ರೀಲ್ ಓಡುತ್ತಿದ್ದಾಗಲೇ ಒಂದರ ಹಿಂದೆ ಒಂದು ಮೂರು ರೇಟ್ ಕಾರ್ಡ್ ಪೋಸ್ಟರ್ ಹಾಕಿದರು. ಗ್ರಾಫಿನ ಏರಿಕೆ ಸರಿಯಾಗಿ ಆ ದಿನಗಳಲ್ಲೇ ಇತ್ತು. ಹೂವು ನೋಡಲು ಬಂದವರಿಗೆ ಎದುರಿಗೆ ಸಿಕ್ಕಿದ್ದು ಎರಡು ಹೊತ್ತಿನ ಊಟ ಸೇರಿ ತಲೆಗೆ ಇಷ್ಟು ಅನ್ನುವ ಪಟ್ಟಿ.

ಇನ್‌ಸೈಟ್ಸ್‌ನಲ್ಲಿ ಎಡವುವ ಜಾಗ ಒಂದಿದೆ. ವ್ಯೂಸ್ ತೋರಿಸುವ ಕಡೆ ಫಾಲೋವರ್ಸ್ ಇಷ್ಟು ಶೇಕಡಾ, ಫಾಲೋ ಮಾಡದವರು ಇಷ್ಟು ಶೇಕಡಾ ಅಂತ ಒಂದು ಭಾಗ ಇರುತ್ತದೆ. ಫಾಲೋವರ್ಸ್ ಶೇ. 40 ಅಂತ ಇದ್ದರೆ ನಮ್ಮ ಫಾಲೋವರ್ಸ್‌ನಲ್ಲಿ ಶೇ. 40 ಜನ ನೋಡಿದರು ಅಂತ ಅಂದುಕೊಳ್ಳುವವರು ಇದ್ದಾರೆ. ಹಾಗಲ್ಲ. ಆದ ವ್ಯೂಸ್‌ಗಳಲ್ಲಿ ಶೇ. 40 ಫಾಲೋವರ್ಸ್‌ದು ಅಂತ ಅಷ್ಟೇ. ಇನ್ನೂರು ಜನ ನಿಷ್ಠಾವಂತರು ಪ್ರತಿ ರೀಲನ್ನೂ ನಾಲ್ಕು ಸಲ ನೋಡಿದರೂ ಈ ಶೇಕಡಾವಾರು ಮೇಲೇರುತ್ತದೆ. ವ್ಯೂಸ್ ಎಣಿಸುವುದು ನೋಟಗಳನ್ನು, ತಲೆಗಳನ್ನಲ್ಲ.

ಲೈಕ್‌ಗಳನ್ನು ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿ "ಎಂಗೇಜ್‌ಮೆಂಟ್ ರೇಟ್" ಅಂತ ಹೇಳುವ ಪದ್ಧತಿಗೂ ಇದೇ ಕಾಯಿಲೆ. ಹೂವಿನ ರೀಲ್‌ಗೆ 3,100 ಲೈಕ್ ಬಂತು ಅಂದುಕೊಳ್ಳಿ. 8,400ರಿಂದ ಭಾಗಿಸಿದರೆ ಸುಮಾರು ಶೇ. 37. ಕೇಳಲು ಬಹಳ ಚಂದ. ಆದರೆ ರೀಲ್ ಹೋಗುವುದೇ ಜಾಸ್ತಿ ಹೊರಗಿನವರ ಹತ್ತಿರ. ಮೇಲೆ ಹೊರಗಿನವರ ಲೈಕ್ ಇಟ್ಟು ಕೆಳಗೆ ಒಳಗಿನವರ ಸಂಖ್ಯೆ ಇಟ್ಟರೆ ಬರುವ ಉತ್ತರ ಯಾರ ಬಗ್ಗೆಯೂ ಅಲ್ಲ.

ಎಚ್ಚರವಾಗಿರುವವರ ಲೆಕ್ಕಕ್ಕೆ ಸ್ಟೋರಿ

ಫಾಲೋವರ್ಸ್‌ನಲ್ಲಿ ನಿಜವಾಗಿ ನೋಡುತ್ತಿರುವವರ ಪಾಲು ತಿಳಿಯಲು ನಾನು ನಂಬುವುದು ರೀಲ್ ಅಲ್ಲ, ಸ್ಟೋರಿ. ಕಾರಣ ಸರಳ. ಸ್ಟೋರಿ ನೋಡುವವರಲ್ಲಿ ಬಹುಪಾಲು ಫಾಲೋವರ್ಸ್. ಒಬ್ಬರು ಎಷ್ಟು ಸಲ ನೋಡಿದರೂ ನೋಡಿದವರ ಪಟ್ಟಿಯಲ್ಲಿ ಹೆಸರು ಒಂದೇ ಸಲ. ಮೇಲಾಗಿ ಲೈಕ್ ಒತ್ತದೆ, ಕಾಮೆಂಟ್ ಹಾಕದೆ ಸುಮ್ನೆ ನೋಡಿ ಹೋಗುವವರೂ ಅದರಲ್ಲಿ ಸಿಗುತ್ತಾರೆ. ನಮ್ಮ ಕಡೆ ಅಂಥವರೇ ಜಾಸ್ತಿ. ಬೆಂಗಳೂರಿನಲ್ಲಿ ಕೂತು ವರ್ಷವಿಡೀ ಒಂದೂ ಲೈಕ್ ಒತ್ತದೆ, ಡಿಸೆಂಬರ್ ಬಂದ ಕೂಡಲೇ ಫೋನ್ ಮಾಡಿ ಎರಡು ರೂಮ್ ಕೇಳುವವರು.

ಮಾಡುವುದು ಹೀಗೆ. ತಿಂಗಳಲ್ಲಿ ಹತ್ತು ಸ್ಟೋರಿಗಳನ್ನು ಆರಿಸಿ. ಒಂದೇ ದಿನ ಹಲವು ಹಾಕಿದ್ದರೆ ಆ ದಿನದ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳಿ, ಏಕೆಂದರೆ ಮುಂದೆ ಮುಂದೆ ಹೋದಂತೆ ನೋಡುವವರು ಕಡಿಮೆಯಾಗುತ್ತಾರೆ. ಪ್ರತಿಯೊಂದನ್ನೂ ಎಷ್ಟು ಜನ ನೋಡಿದರು ಅಂತ 24 ಗಂಟೆ ಮುಗಿದ ಮೇಲೆ ಬರೆದಿಡಿ. ನೋಡಿದವರ ಹೆಸರಿನ ಪಟ್ಟಿ 48 ಗಂಟೆಯವರೆಗೆ ಮಾತ್ರ ಸಿಗುತ್ತದೆ, ಆಮೇಲೆ ಹೆಸರು ಮಾಯ. ಹತ್ತು ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎರಡರ ಸರಾಸರಿ ಹಿಡಿಯಿರಿ. ಎಲ್ಲದರ ಸರಾಸರಿ ಬೇಡ. ಯಾರೋ ದೊಡ್ಡ ಪೇಜಿನವರು ನಿಮ್ಮ ಸ್ಟೋರಿ ಹಂಚಿಕೊಂಡ ಒಂದು ದಿನ ಇಡೀ ಲೆಕ್ಕ ಕೆಡಿಸಿಬಿಡುತ್ತದೆ.

ನಮ್ಮ ಪೇಜಿನಲ್ಲಿ ನಡುವಿನ ಅಂಕಿ 640 ಅಂದುಕೊಳ್ಳಿ. 8,610ರಲ್ಲಿ 640 ಅಂದರೆ ಸುಮಾರು ಶೇ. 7.4. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಜನವರಿಯಲ್ಲಿ ಇದೇ ಪೇಜಿನಲ್ಲಿ 7,000 ಫಾಲೋವರ್ಸ್‌ಗೆ 650 ಜನ ನೋಡುತ್ತಿದ್ದರೆ ಆಗ ಪಾಲು ಶೇ. 9.3. ಅಂದರೆ ಮೂರು ತಿಂಗಳಲ್ಲಿ 1,600 ಜನ ಸೇರಿದರು, ನೋಡುವವರು ಮಾತ್ರ ಹತ್ತು ಜನ ಕಡಿಮೆಯಾದರು. ಹೀಗೆ ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿದಾಗ ಮಾತ್ರ ಶೇಕಡಾವಾರಿಗೆ ಅರ್ಥ ಬರುತ್ತದೆ. ಬೇರೆ ಪೇಜಿನ ಜೊತೆ ಹೋಲಿಸಿದರೆ ಬರುವುದು ಹೊಟ್ಟೆಕಿಚ್ಚು ಮಾತ್ರ.

ಪಟ್ಟಿ ಹೋಲಿಕೆ: ಹೋದವರು ಯಾವಾಗ ಬಂದಿದ್ದವರು?

ನಾಲ್ಕರಲ್ಲಿ ಕೆಲಸ ಜಾಸ್ತಿ ಬೇಡುವುದು ಇದು. ನನ್ನ ಪ್ರಕಾರ ಹೊಸ ವಿಷಯ ಹೇಳುವುದೂ ಇದೇ.

ಇನ್‌ಸ್ಟಾಗ್ರಾಂ ನಿಮ್ಮ ಮಾಹಿತಿಯನ್ನು ನಿಮಗೇ ಇಳಿಸಿಕೊಳ್ಳಲು ಬಿಡುತ್ತದೆ. ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಮಾಹಿತಿ ಮತ್ತು ಅನುಮತಿಗಳ ಭಾಗಕ್ಕೆ ಹೋಗಿ ಡೌನ್‌ಲೋಡ್ ಅಥವಾ ಎಕ್ಸ್‌ಪೋರ್ಟ್ ಆರಿಸಬೇಕು. ಪದಗಳು ಅಪ್‌ಡೇಟ್‌ನಲ್ಲಿ ಆಗಾಗ ಬದಲಾಗುತ್ತವೆ, ಜಾಗ ಅದೇ. ಎಲ್ಲವನ್ನೂ ಕೇಳಬೇಡಿ, ಫಾಲೋವರ್ಸ್ ಮತ್ತು ಫಾಲೋಯಿಂಗ್ ಭಾಗ ಮಾತ್ರ ಸಾಕು. ಫಾರ್ಮ್ಯಾಟ್ JSON ಇರಲಿ. ದಿನಾಂಕದ ಅವಧಿಯನ್ನು ತಪ್ಪದೆ All time ಅಂತ ಮಾಡಿ. ಇದನ್ನು ಮರೆತರೆ ಇತ್ತೀಚೆಗೆ ಸೇರಿದವರ ಪಟ್ಟಿ ಮಾತ್ರ ಬರುತ್ತದೆ. ಪಟ್ಟಿಯ ಒಟ್ಟು ಸಂಖ್ಯೆ ಪ್ರೊಫೈಲ್‌ನಲ್ಲಿ ಕಾಣುವ ಸಂಖ್ಯೆಗೆ ಹತ್ತಿರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. 8,400 ಇರಬೇಕಾದ ಕಡೆ 2,900 ಇದ್ದರೆ ಅವಧಿ ತಪ್ಪಿದೆ ಅಂತ ಅರ್ಥ.

ಒಳಗೆ followers_1.json ಅಂತ ಫೈಲ್ ಇರುತ್ತದೆ. ಫಾಲೋವರ್ಸ್ ಬಹಳ ಇದ್ದರೆ _2, _3 ಅಂತ ತುಂಡಾಗಿರುತ್ತದೆ. ಪ್ರತಿ ಹೆಸರಿನ ಪಕ್ಕ ಆ ವ್ಯಕ್ತಿ ಯಾವಾಗ ಫಾಲೋ ಮಾಡಿದರು ಅನ್ನುವ ಸಮಯ ಇರುತ್ತದೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುವುದರಿಂದ ಮೊದಲ ಸಲ ನೋಡಿದಾಗ ಏನೂ ಅರ್ಥವಾಗುವುದಿಲ್ಲ, ಅಷ್ಟೆ. ಕಂಪ್ಯೂಟರಿನಲ್ಲಿ JSON ಫೈಲ್ ಓದುವ jq ಅನ್ನುವ ಪ್ರೋಗ್ರಾಂ ಹಾಕಿಕೊಂಡವರಿಗೆ ಹೆಸರು ಮತ್ತು ಸಮಯವನ್ನು ಎರಡು ಕಾಲಂ ಮಾಡಲು ಒಂದು ಸಾಲು ಸಾಕು:

```
jq -r '.[].string_list_data[] | [.value, .timestamp] | @tsv' followers_*.json > apr01.tsv
```

ತಿಂಗಳ ಕೊನೆಗೆ ಮತ್ತೆ ಇಳಿಸಿಕೊಂಡು apr30.tsv ಮಾಡಿ. ಗೂಗಲ್ ಶೀಟ್‌ನಲ್ಲಿ ಹಳೆಯದನ್ನು A, B ಕಾಲಂಗೆ, ಹೊಸದನ್ನು E, F ಕಾಲಂಗೆ ಅಂಟಿಸಿ, ಎರಡಕ್ಕೂ ಎರಡನೇ ಸಾಲಿನಿಂದ ಶುರುಮಾಡಿ. C ಕಾಲಂನಲ್ಲಿ ಹೋದವರನ್ನು ಹುಡುಕುವ ಸೂತ್ರ, D ಕಾಲಂನಲ್ಲಿ ಸೇರಿದ ದಿನಾಂಕವನ್ನು ನಮ್ಮ ಸಮಯಕ್ಕೆ ತರುವ ಸೂತ್ರ:

```
C2:  =IF(COUNTIF(E:E,A2)=0,"gone","")
D2:  =B2/86400+DATE(1970,1,1)+TIME(5,30,0)
```

ಎರಡೂ ಸೂತ್ರಗಳನ್ನು ಪಟ್ಟಿಯ ಕೊನೆಯ ಸಾಲಿನವರೆಗೆ ಎಳೆಯಿರಿ. D ಕಾಲಂಗೆ ದಿನಾಂಕದ ಫಾರ್ಮ್ಯಾಟ್ ಕೊಡಲು ಮರೆಯಬೇಡಿ.

ಈಗ ಮಜಾ ಇರುವ ಭಾಗ. ಇನ್‌ಸೈಟ್ಸ್ ಪ್ರಕಾರ ಏಪ್ರಿಲ್‌ನಲ್ಲಿ 410 ಜನ ಹೋದರು. ನಮ್ಮ ಶೀಟ್‌ನಲ್ಲಿ gone ಅಂತ ಬಂದಿರುವುದು 160. ಯಾವುದು ತಪ್ಪು? ಎರಡೂ ಸರಿ.

160ರಲ್ಲಿ ಹತ್ತು ಜನ ಹೋದವರೇ ಅಲ್ಲ, ಹೆಸರು ಬದಲಿಸಿಕೊಂಡವರು. ಬಳಕೆದಾರ ಹೆಸರು ಬದಲಾದರೆ ಹಳೆ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ, ಹೊಸ ಹೆಸರು ಹೊಸಬರಂತೆ ಕಾಣುತ್ತದೆ. ಆದರೆ ಫಾಲೋ ಮಾಡಿದ ಸಮಯ ಬದಲಾಗುವುದಿಲ್ಲ. gone ಅಂತ ಬಂದ ಸಾಲಿನ B ಕಾಲಂ ಸಂಖ್ಯೆ F ಕಾಲಂನಲ್ಲಿ ಹಾಗೇ ಇದ್ದರೆ ಅದೇ ಮನುಷ್ಯ ಹೊಸ ಹೆಸರಿನಲ್ಲಿ ಕೂತಿದ್ದಾರೆ ಅಂತ ಹೇಳಬಹುದು. `=COUNTIF(F:F,B2)` ಹಾಕಿದರೆ ಗೊತ್ತಾಗುತ್ತದೆ. ರೀಲ್ ಜೋರಾಗಿ ಓಡಿದ ದಿನ ಒಂದೇ ಸೆಕೆಂಡಿಗೆ ಇಬ್ಬರು ಸೇರಿರುವ ಸಾಧ್ಯತೆ ಇದೆ, ಅಂಥ ಸಾಲುಗಳನ್ನು ಮಾತ್ರ ಕಣ್ಣಿನಿಂದ ನೋಡಿಕೊಳ್ಳಿ.

ಹತ್ತು ತೆಗೆದರೆ ಉಳಿದದ್ದು 150. ಹಾಗಾದರೆ 410ರಲ್ಲಿ ಬಾಕಿ 260 ಜನ ಎಲ್ಲಿ? ಅವರು ಏಪ್ರಿಲ್‌ನಲ್ಲೇ ಬಂದು ಏಪ್ರಿಲ್‌ನಲ್ಲೇ ಹೋದವರು. 1ನೇ ತಾರೀಕಿನ ಪಟ್ಟಿಯಲ್ಲಿ ಅವರು ಇರಲಿಲ್ಲ, 30ರ ಪಟ್ಟಿಗೆ ಉಳಿಯಲಿಲ್ಲ. ಹಾಗಾಗಿ ಎರಡು ಪಟ್ಟಿ ಹೋಲಿಸಿದರೆ ಅವರು ಕಾಣುವುದೇ ಇಲ್ಲ. ತಾಳೆ ನೋಡಿ: ಬಂದ 620ರಲ್ಲಿ 260 ಹೋದರೆ ಉಳಿದದ್ದು 360. 8,400ರಿಂದ 150 ಕಳೆದು 360 ಸೇರಿಸಿದರೆ 8,610. ನಿಜವಾದ ಪೇಜಿನಲ್ಲಿ ಇಷ್ಟು ಕರಾರುವಾಕ್ಕಾಗಿ ಕೂಡುವುದಿಲ್ಲ. ಖಾತೆಯನ್ನೇ ಅಳಿಸಿದವರು, ಇನ್‌ಸ್ಟಾಗ್ರಾಂ ತಾನೇ ಕಿತ್ತುಹಾಕಿದ ನಕಲಿಗಳು ನಡುವೆ ಸೇರಿಕೊಳ್ಳುತ್ತವೆ. ಹತ್ತಿಪ್ಪತ್ತು ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಈ 260 ಮತ್ತು 150 ಎರಡು ಬೇರೆ ಬೇರೆ ಕಥೆ ಹೇಳುತ್ತವೆ. 260 ಜನ ಹೂವಿನ ರೀಲ್ ನೋಡಿ ಬಂದು ಪೇಜಿನ ಉಳಿದ ವಿಷಯ ನೋಡಿ ಎದ್ದು ಹೋದರು. ಹೊಸಬರಿಗೆ ಬಾಗಿಲಲ್ಲೇ ಏನು ಸಿಗುತ್ತದೆ ಅನ್ನುವ ಸಮಸ್ಯೆ ಅದು. ರೇಟ್ ಕಾರ್ಡನ್ನು ಹೈಲೈಟ್‌ಗೆ ಸರಿಸಿ, ತೋಟದ ಕೆಲಸದ ವಿಡಿಯೊ ಮುಂದೆ ಇಟ್ಟರೆ ಮುಂದಿನ ಸಲ ಈ ಅಂಕಿ ಇಳಿಯುತ್ತದಾ ಅಂತ ನೋಡಬಹುದು.

150 ಜನರನ್ನು ಸೇರಿದ ದಿನಾಂಕದ ಪ್ರಕಾರ ಜೋಡಿಸಿ. ನಮ್ಮ ಉದಾಹರಣೆಯಲ್ಲಿ 90 ಜನ ಜನವರಿ ಸ್ಪರ್ಧೆಯ ಆ ನಾಲ್ಕು ದಿನಗಳಲ್ಲಿ ಬಂದವರು. ಉಚಿತ ರಾತ್ರಿ ಬೇರೆ ಯಾರಿಗೋ ಸಿಕ್ಕಿತು, ಇವರು ನಿಧಾನಕ್ಕೆ ಜಾಗ ಖಾಲಿ ಮಾಡುತ್ತಿದ್ದಾರೆ. ಇದರಲ್ಲಿ ಬೇಜಾರು ಪಡುವಂಥದ್ದು ಏನಿಲ್ಲ. ಸ್ಪರ್ಧೆಯಿಂದ ಬಂದವರಲ್ಲಿ ಇನ್ನೂ ಎಷ್ಟು ಜನ ಹೋಗಬಹುದು ಅಂತ ಅಂದಾಜಿಸಿಟ್ಟುಕೊಳ್ಳಿ, ಮುಂದಿನ ಸ್ಪರ್ಧೆ ಬೇಕಾ ಅಂತ ಯೋಚಿಸಲು ಇದೇ ಆಧಾರ. 45 ಜನ ಕಳೆದ ಒಂದೆರಡು ವರ್ಷದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಂತೆ ಸೇರಿದವರು. ಉಳಿದ 15 ಜನ ಎರಡು ವರ್ಷಕ್ಕಿಂತ ಹಳಬರು.

ನಾನು ಜಾಸ್ತಿ ಹೊತ್ತು ನೋಡುವುದು ಆ 15 ಹೆಸರುಗಳನ್ನು. ಹೋಂಸ್ಟೇಯ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಅವರಲ್ಲಿ ನಾಲ್ಕು ಜನ ಬಂದು ಉಳಿದು ಹೋದ ಅತಿಥಿಗಳು ಅಂತ ಗೊತ್ತಾಯಿತು ಅಂದುಕೊಳ್ಳಿ. ಆ ನಾಲ್ಕು, ಮೇಲಿನ 260ಕ್ಕಿಂತ ದೊಡ್ಡ ಸಂಖ್ಯೆ. ಹಾಗಂತ ಅವರಿಗೆ ಮೆಸೇಜ್ ಮಾಡಿ "ಯಾಕೆ ಬಿಟ್ಟು ಹೋದ್ರಿ ಸಾರ್" ಅಂತ ಕೇಳಬೇಡಿ. ಮುಂದಿನ ಮೂರು ತಿಂಗಳಲ್ಲೂ ಹಳಬರು ಹೀಗೇ ಹೋಗುತ್ತಿದ್ದಾರಾ ಅಂತ ನೋಡಿ. ಇನ್ನೊಂದು ಮಾತು, ಈ ಶೀಟನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದರಲ್ಲಿರುವುದು ಜನರ ಹೆಸರು.

ಈ ದಾರಿಯ ಮಿತಿಯೂ ಸ್ಪಷ್ಟ. ಎಂಟು ಹತ್ತು ಸಾವಿರದವರೆಗೆ ಶೀಟ್ ಓಡುತ್ತದೆ. ಐವತ್ತು ಸಾವಿರ ಸಾಲಿಗೆ COUNTIF ಹಾಕಿದರೆ ಶೀಟ್ ಉಸಿರುಗಟ್ಟುತ್ತದೆ. ಹೆಸರು ನೋಡಿ ಇವರು ಯಾರು ಅಂತ ಗುರುತಿಸಲು ಆಗದಷ್ಟು ದೊಡ್ಡ ಪೇಜಿಗೆ ಹೆಸರಿನ ಪಟ್ಟಿಯಿಂದ ಲಾಭವೂ ಕಡಿಮೆ. ಅಲ್ಲಿ ದಿನಾಂಕದ ಕಾಲಂ ಒಂದೇ ಉಪಯೋಗ.

ನೂರು ಜನರ ತಪಾಸಣೆ: ನಕಲಿ ಎಷ್ಟು?

ಮೇಲಿನ ಎರಡೂ ದಾರಿ ಇರುವವರು ಮನುಷ್ಯರೇ ಅಂತ ನಂಬಿ ಲೆಕ್ಕ ಹಾಕುತ್ತವೆ. ಅದನ್ನು ಪರೀಕ್ಷಿಸಲು ಪ್ರೊಫೈಲ್ ತೆರೆದು ನೋಡುವುದೊಂದೇ ದಾರಿ. ಎಲ್ಲರನ್ನೂ ನೋಡಬೇಕಿಲ್ಲ, ಆದರೆ ಆರಿಸುವುದರಲ್ಲಿ ಮೋಸ ಇರಬಾರದು. ಆ್ಯಪ್‌ನಲ್ಲಿ ಫಾಲೋವರ್ಸ್ ಪಟ್ಟಿ ತೆರೆದು ಮೇಲಿನ ನೂರು ಹೆಸರು ಹಿಡಿದರೆ ಅದು ಮಾದರಿಯಲ್ಲ. ಇಳಿಸಿಕೊಂಡ ಪಟ್ಟಿಯ ಪಕ್ಕ ಒಂದು ಕಾಲಂನಲ್ಲಿ `=RAND()` ಹಾಕಿ, ಆ ಕಾಲಂನ ಪ್ರಕಾರ ಜೋಡಿಸಿ, ಮೇಲಿನ ನೂರು ಸಾಲು ತೆಗೆದುಕೊಳ್ಳಿ. ಒಂದು ಸಂಜೆ ಕೂತರೆ ಮುಗಿಯುತ್ತದೆ.

ನಕಲಿ ಅಂತ ಹೇಳುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ಫೋಟೋ ಇಲ್ಲ, ಪೋಸ್ಟ್ ಇಲ್ಲ, ಹೆಸರಿನ ಕೊನೆಗೆ ನಾಲ್ಕು ಅಂಕಿ ಇದೆ ಅಂದ ಮಾತ್ರಕ್ಕೆ ನಕಲಿ ಅಂತ ಬರೆಯಬೇಡಿ. ಬಾಳೆಹೊನ್ನೂರಿನ ಪ್ಲಾಂಟರ್ ದೊಡ್ಡಪ್ಪನ ಖಾತೆ ಹಾಗೇ ಇರುತ್ತದೆ. ಮಗ ಫೋನಿಗೆ ಹಾಕಿಕೊಟ್ಟದ್ದು, ಫೋಟೋ ಹಾಕಲು ಯಾರಿಗೂ ಪುರುಸೊತ್ತಿರಲಿಲ್ಲ. ನಾನು ನೋಡುವುದು ಮೂರು ಗುರುತು ಒಟ್ಟಿಗೆ ಇವೆಯಾ ಅಂತ. ಸಾವಿರಾರು ಜನರನ್ನು ಫಾಲೋ ಮಾಡುತ್ತಿರಬೇಕು. ಇನ್‌ಸ್ಟಾಗ್ರಾಂ ಮಿತಿ 7,500, ಅದರ ಹತ್ತಿರ ಇದ್ದರೆ ಅನುಮಾನ ಗಟ್ಟಿ. ಅವರನ್ನು ಫಾಲೋ ಮಾಡುವವರು ಬೆರಳೆಣಿಕೆ ಇರಬೇಕು. ಪೋಸ್ಟ್ ಇಲ್ಲದಿರಬೇಕು, ಇಲ್ಲವೇ ಒಂದೇ ದಿನ ಹಾಕಿದ ಸಂಬಂಧವಿಲ್ಲದ ನಾಲ್ಕೈದು ಚಿತ್ರ ಇರಬೇಕು. ದೊಡ್ಡಪ್ಪನ ಖಾತೆ ಮೊದಲ ಗುರುತಿನಲ್ಲೇ ಪಾಸಾಗುತ್ತದೆ, ಅವರು ಫಾಲೋ ಮಾಡುವುದು ನಲವತ್ತು ಜನರನ್ನು. ಪ್ರೈವೇಟ್ ಖಾತೆಗಳ ಒಳಗೆ ನೋಡಲಾಗದಿದ್ದರೂ ಮೇಲಿನ ಸಂಖ್ಯೆಗಳು ಕಾಣುತ್ತವೆ.

ನೂರರಲ್ಲಿ 22 ನಕಲಿ ಸಿಕ್ಕಿತು ಅಂದುಕೊಳ್ಳಿ. ಹಾಗಂತ ಪೇಜಿನಲ್ಲಿ ಸರಿಯಾಗಿ ಶೇ. 22 ನಕಲಿ ಅಂತ ಹೇಳುವ ಹಾಗಿಲ್ಲ. ನೂರು ಜನರ ಮಾದರಿಯಲ್ಲಿ ಎಂಟು ಅಂಕ ಆಚೆ ಈಚೆ ಇರುತ್ತದೆ, ಅಂದರೆ ಶೇ. 14ರಿಂದ 30ರ ಒಳಗೆ. ಈ ಅಂತರವನ್ನು ನಾಲ್ಕು ಅಂಕಕ್ಕೆ ಇಳಿಸಬೇಕಾದರೆ ನಾನೂರು ಪ್ರೊಫೈಲ್ ನೋಡಬೇಕು. ಹೋಂಸ್ಟೇಗೆ ಅಷ್ಟು ಬೇಕಿಲ್ಲ. ಆದರೆ ಜನವರಿಯಲ್ಲಿ 22, ಜುಲೈನಲ್ಲಿ 26 ಬಂದರೆ "ನಕಲಿ ಜಾಸ್ತಿಯಾಯಿತು" ಅಂತ ಗಾಬರಿ ಬೀಳಬೇಡಿ. ಆ ನಾಲ್ಕರ ವ್ಯತ್ಯಾಸ ಮಾದರಿಯ ಆಟವೇ ಇರಬಹುದು. 22 ಇದ್ದದ್ದು 45 ಆದರೆ ಯಾರೋ ಫಾಲೋವರ್ಸ್ ಕೊಂಡಿರಬಹುದು. ಪೇಜ್ ನೋಡಿಕೊಳ್ಳುವವರನ್ನು ಕೂರಿಸಿ ಕೇಳಿ.

ನಕಲಿ ತೆಗೆದು ಮತ್ತೆ ಲೆಕ್ಕ ಹಾಕಿದರೆ 8,610ರಲ್ಲಿ ಮನುಷ್ಯರು ಸುಮಾರು 6,700. ಸ್ಟೋರಿ ನೋಡುವ 640 ಅದರಲ್ಲಿ ಶೇ. 9.5. ಅಂದರೆ ಪೇಜ್ ಅಂದುಕೊಂಡಷ್ಟು ನಿದ್ದೆ ಹೋಗಿಲ್ಲ, ಜನಸಂಖ್ಯೆಯೇ ಅಂದುಕೊಂಡಷ್ಟು ಇರಲಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಪಾಸ್‌ವರ್ಡ್ ಕೇಳುವ ಆ್ಯಪ್‌ಗಳು

ಇದರ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಬೇಡ.

ಯಾಕೆ ಬೇಡ ಅಂದರೆ, ಹೊರಗಿನ ಆ್ಯಪ್‌ಗಳಿಗೆ ಫಾಲೋವರ್ಸ್ ಹೆಸರಿನ ಪಟ್ಟಿ ಕೊಡುವ ಬಾಗಿಲನ್ನು ಇನ್‌ಸ್ಟಾಗ್ರಾಂ 2018ರಲ್ಲೇ ಮುಚ್ಚಿತು. ಈಗ ಅಧಿಕೃತ ದಾರಿಯಲ್ಲಿ ಸಿಗುವುದು ಸಂಖ್ಯೆ ಮಾತ್ರ, ಹೆಸರು ಅಲ್ಲ. ಹಾಗಾದರೆ ಹೆಸರು ಸಮೇತ ತೋರಿಸುವ ಆ್ಯಪ್ ಅದನ್ನು ಎಲ್ಲಿಂದ ತರುತ್ತದೆ? ನಿಮ್ಮ ಪಾಸ್‌ವರ್ಡ್ ತೆಗೆದುಕೊಂಡು ನಿಮ್ಮ ಹೆಸರಿನಲ್ಲೇ ಒಳಗೆ ಹೋಗಿ ಓದುತ್ತದೆ. ಅದೇ ಪಾಸ್‌ವರ್ಡ್‌ನಿಂದ ನಿಮ್ಮ ಹೆಸರಿನಲ್ಲಿ ಬೇರೆಯವರನ್ನು ಫಾಲೋ ಮಾಡಲೂ ಬರುತ್ತದೆ. ಇಂಥ ಆ್ಯಪ್‌ಗಳಿಂದ ಬಂದ ನಕಲಿ ಲೈಕ್, ಫಾಲೋಗಳನ್ನು ಕಿತ್ತುಹಾಕುತ್ತೇವೆ ಅಂತ ಇನ್‌ಸ್ಟಾಗ್ರಾಂ 2018ರ ನವೆಂಬರ್‌ನಲ್ಲೇ ಹೇಳಿತ್ತು. "ನಿಮ್ಮ ಪ್ರೊಫೈಲ್ ಯಾರು ನೋಡಿದರು" ಅಂತ ತೋರಿಸುತ್ತೇವೆ ಅನ್ನುವವು ಶುದ್ಧ ಸುಳ್ಳು, ಆ ಮಾಹಿತಿಯನ್ನು ಇನ್‌ಸ್ಟಾಗ್ರಾಂ ಯಾರಿಗೂ ಕೊಡುವುದಿಲ್ಲ.

ಪಾಸ್‌ವರ್ಡ್ ಕೇಳದೆ, ಯಾವುದೇ ಪೇಜಿನ ನಕಲಿ ಶೇಕಡಾವಾರು ಹೇಳುವ ಸೈಟ್‌ಗಳು ಬೇರೆ ಜಾತಿ. ಅವು ಹೊರಗೆ ಕಾಣುವ ಲಕ್ಷಣಗಳಿಂದ ಅಂದಾಜು ಮಾಡುತ್ತವೆ. ನಿಮ್ಮದೇ ಪೇಜಿಗೆ ಅದರಿಂದ ಲಾಭವಿಲ್ಲ, ನಿಮ್ಮ ಹತ್ತಿರ ನಿಜವಾದ ಪಟ್ಟಿಯೇ ಇದೆ. ಬೇರೆಯವರ ಪೇಜಿನ ಬಗ್ಗೆ ಮೊದಲ ಅನುಮಾನ ಪರಿಹರಿಸಿಕೊಳ್ಳಲು ಮಾತ್ರ ಸರಿ.

ಯಾರಿಗೆ ಯಾವುದು

ಹತ್ತು ಸಾವಿರದೊಳಗಿನ ಹೋಂಸ್ಟೇ, ಕಾಫಿಪುಡಿ ಅಂಗಡಿಯಂಥ ಪೇಜಿಗೆ ನನ್ನ ಆಯ್ಕೆ ಪಟ್ಟಿ ಹೋಲಿಕೆ. ಏಕೆಂದರೆ ನಿಮ್ಮ ಗಿರಾಕಿಗಳ ಹೆಸರು ನಿಮಗೆ ಗೊತ್ತು, ಹೋದವರಲ್ಲಿ ಯಾರು ಮುಖ್ಯ ಅಂತ ನೀವೇ ಹೇಳಬಲ್ಲಿರಿ. ಜೊತೆಗೆ ಸ್ಟೋರಿ ಲೆಕ್ಕ ಇರಲಿ. ನೂರರ ತಪಾಸಣೆ ವರ್ಷಕ್ಕೆ ಎರಡು ಸಲ, ಅದರಲ್ಲಿ ಒಂದು ಸಲ ಯಾವುದಾದರೂ ಸ್ಪರ್ಧೆ ಮುಗಿದ ಮೇಲೆ. ಕಂಪ್ಯೂಟರ್ ಮುಟ್ಟಲು ಇಷ್ಟವಿಲ್ಲದವರು ಪಟ್ಟಿ ಬಿಟ್ಟು ಬಂದವರು, ಹೋದವರು, ಸ್ಟೋರಿ ನೋಡಿದವರು ಅನ್ನುವ ಮೂರು ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡರೂ ಮುಕ್ಕಾಲು ವಿಷಯ ತಿಳಿಯುತ್ತದೆ.

ಹಾಸನದ ಊರ ಸುದ್ದಿ ಪೇಜ್ ನಡೆಸುವವರಿಗೆ ಹೆಸರಿನ ಪಟ್ಟಿ ಬೇಡ, ಇನ್‌ಸೈಟ್ಸ್ ಸಾಕು. ಅವರ ತೊಂದರೆ ಬೇರೆ. ಹಾಸನಾಂಬ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ತೆರೆಯುತ್ತದೆ. ಆ ದಿನಗಳಲ್ಲಿ ದರ್ಶನದ ಸಮಯ, ಸಾಲು ಎಷ್ಟಿದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಹಾಕುವ ಪೇಜಿಗೆ ಬೇರೆ ಜಿಲ್ಲೆಗಳಿಂದ ಜನ ಬಂದು ಸೇರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಹೋಗುತ್ತಾರೆ. ಮುಂದಿನ ತಿಂಗಳ Unfollows ನೋಡಿ ಪೇಜ್ ಕೆಟ್ಟಿತು ಅಂತ ತೀರ್ಮಾನಿಸಿದರೆ ತಪ್ಪು. ಹಬ್ಬಕ್ಕೆ ಹಿಂದಿನ ತಿಂಗಳನ್ನು ಹಬ್ಬ ಕಳೆದು ಎರಡು ತಿಂಗಳಾದ ಮೇಲಿನ ತಿಂಗಳ ಜೊತೆ ಹೋಲಿಸಬೇಕು. ಹೋದ ವರ್ಷದ ಇದೇ ತಿಂಗಳಿನ ಜೊತೆ ಹೋಲಿಸಲು ಅಂಕಿ ಇದ್ದರೆ ಇನ್ನೂ ಒಳ್ಳೆಯದು. ದೀಪಾವಳಿ ಕೆಲವು ವರ್ಷ ಅಕ್ಟೋಬರ್‌ನಲ್ಲಿ, ಕೆಲವು ವರ್ಷ ನವೆಂಬರ್‌ನಲ್ಲಿ ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ಇನ್‌ಸೈಟ್ಸ್‌ನಲ್ಲಿರುವ ಊರುಗಳ ಪಟ್ಟಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಊರ ಸುದ್ದಿಯ ಪೇಜಿನಲ್ಲಿ ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ ಮೇಲಿದ್ದು ಬೆಂಗಳೂರು ಕೆಳಗಿದ್ದರೆ ಸರಿ. ಹೋಂಸ್ಟೇ ಪೇಜಿಗೆ ಬೆಂಗಳೂರು ಮೇಲಿದ್ದರೆ ಸರಿ, ಗಿರಾಕಿ ಬರುವುದೇ ಅಲ್ಲಿಂದ. ಇಬ್ಬರಿಗೂ, ಯಾವತ್ತೂ ಯಾರೂ ಬರದ ದೂರದ ದೇಶದ ಊರೊಂದು ಮೇಲಿನ ಐದರಲ್ಲಿ ಕೂತಿದ್ದರೆ ಕೂಡಲೇ ನೂರರ ತಪಾಸಣೆ ಮಾಡಿಸಿ.

ಕೊನೆಗೆ, ಪ್ರಚಾರಕ್ಕೆ ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಡಲು ಹೊರಟವರು. ಅವರ ಪಟ್ಟಿ ನಿಮಗೆ ಸಿಗುವುದಿಲ್ಲ, ಅವರು ಕಳಿಸುವ ಇನ್‌ಸೈಟ್ಸ್ ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ಅವರು ತೋಟ ನೋಡಲು ಬಂದಾಗ ಕಾಫಿ ಕೊಟ್ಟು, ಅವರದೇ ಫೋನಿನಲ್ಲಿ ನಿಮ್ಮ ಮುಂದೆಯೇ ಎರಡು ಪರದೆ ತೆರೆಯಲು ಹೇಳಿ: ಕಳೆದ ತಿಂಗಳ Follows ಮತ್ತು Unfollows, ಮತ್ತೆ ನಿನ್ನೆಯ ಸ್ಟೋರಿ ಎಷ್ಟು ಜನ ನೋಡಿದರು ಅನ್ನುವುದು. ಒಂದು ಲಕ್ಷ ಫಾಲೋವರ್ಸ್ ಇದ್ದು ಸ್ಟೋರಿ ನೋಡುವವರು ಒಂಬೈನೂರು ಇದ್ದರೆ, ದರ ಮಾತಾಡುವುದನ್ನು ಆ ಒಂಬೈನೂರರಿಂದ ಶುರುಮಾಡಿ. ತೋರಿಸಲು ಒಪ್ಪದಿದ್ದರೆ ಕಾಫಿ ಮುಗಿಸಿ ಕಳಿಸಿ.